ಮೇಳದ ಹೆಸರಿನ ಟೀ ಶರ್ಟ್: ಇಡಿಗಂಟಾ, ರಾಯಲ್ಟಿಯಾ?

ಕಾಸರಗೋಡಿನ ಯಕ್ಷಗಾನ ಮೇಳವೊಂದು ತನ್ನ ಹೆಸರನ್ನು ಟೀ ಶರ್ಟ್ ಮಾಡುವ ಕಂಪನಿಯೊಂದಕ್ಕೆ ಕೊಡುತ್ತದೆ ಎಂದುಕೊಳ್ಳಿ. ಇಡಿಗಂಟು ತೆಗೆದುಕೊಂಡರೆ ದುಡ್ಡು ಕೂಡಲೇ ಬರುತ್ತದೆ, ಲೆಕ್ಕ ನೋಡುವ ತಲೆನೋವಿಲ್ಲ. ಮಾರಿದ ಪ್ರತಿ ಶರ್ಟಿಗೂ ಇಷ್ಟು ಪಾಲು ಎಂಬ ರಾಯಲ್ಟಿಯಲ್ಲಿ ದುಡ್ಡು ನಿಧಾನ, ಆದರೆ ಮಾಲು ಚೆನ್ನಾಗಿ ಹೋದಷ್ಟೂ ಇಬ್ಬರಿಗೂ ಲಾಭ. ನನ್ನ ಓಟು ರಾಯಲ್ಟಿಗೇ.

ಹಾಗಂತ ರಾಯಲ್ಟಿ ಒಂದೇ ಗುಣಮಟ್ಟ ಕಾಯುವುದಿಲ್ಲ, ಅಲ್ವಾ? ಚದರ ಮೀಟರಿಗೆ 180 ಗ್ರಾಂ ತೂಗುವ, ಅಂದರೆ 180 ಜಿಎಸ್‌ಎಂ ಬಟ್ಟೆ ಎಂದು ಒಪ್ಪಂದದಲ್ಲೇ ಬರೆಸಿ. ಒಪ್ಪಿದ ಸ್ಯಾಂಪಲ್ಲಿಗೆ ಇಬ್ಬರೂ ಸಹಿ ಹಾಕಿ, ಒಂದನ್ನು ನೀವಿಟ್ಟುಕೊಳ್ಳಿ. ಆಮೇಲೆ ಹೇಳದೆ ಕೇಳದೆ ಅಂಗಡಿಯಿಂದಲೇ ಒಂದು ಕೊಂಡು, ಒಗೆದು ನೋಡಿ. ಪ್ರಿಂಟಿನ ಶಾಯಿ ಬಿಸಿಯಲ್ಲಿ ಸರಿಯಾಗಿ ಗಟ್ಟಿಯಾಗದಿದ್ದರೆ ಕಿರೀಟದ ಚಿತ್ರ ಬೇಗ ಬಿರುಕು ಬಿಡುತ್ತದೆ. ಬೈಗುಳ ಮಾತ್ರ ಮೇಳಕ್ಕೆ! ಒಪ್ಪಂದ ಮುರಿದರೆ ಉಳಿದ ಸ್ಟಾಕು ಮಾರುವಂತಿಲ್ಲ ಎಂದೂ ಸೇರಿಸಿ.

ಟ್ರೇಡ್‌ಮಾರ್ಕು ಪ್ರದರ್ಶನದ 41ನೇ ವರ್ಗದಲ್ಲಷ್ಟೇ ಇದ್ದರೆ, ಬಟ್ಟೆಯ 25ನೇ ವರ್ಗಕ್ಕೂ ಮೊದಲೇ ಅರ್ಜಿ ಹಾಕಿ.