ಟ್ಯೂಷನ್ ಹೇಳಿಕೊಡುವವರ ಡಿಪಿ: ನಾಲ್ಕು ಫೋಟೊ ಇಟ್ಟು ನೋಡಿದೆ

ನಾನು ಮೈಸೂರಿನಲ್ಲಿ ಮನೆಯಲ್ಲೇ ಎಂಟನೇ ಕ್ಲಾಸಿನಿಂದ ಎಸ್ಸೆಸ್ಸೆಲ್ಸಿವರೆಗಿನ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಬೋರ್ಡು, ಜಾಹೀರಾತು ಏನೂ ಇಲ್ಲ. ಒಬ್ಬ ತಾಯಿಯಿಂದ ಇನ್ನೊಬ್ಬ ತಾಯಿಗೆ ನನ್ನ ನಂಬರ್ ಹೋಗುತ್ತದೆ. ಅವರು ನಂಬರ್ ಸೇವ್ ಮಾಡಿಕೊಂಡು ಮೊದಲು ವಾಟ್ಸಾಪ್ ಡಿಪಿ ನೋಡುತ್ತಾರೆ, ಆಮೇಲೆ ಫೋನ್ ಮಾಡುತ್ತಾರೆ. ಈ ಸಲ ಶಾಲೆ ಶುರುವಾಗುವ ಮೊದಲು ಡಿಪಿ ಬದಲಾಯಿಸೋಣ ಅಂತ ನಾಲ್ಕು ಬಗೆಯ ಫೋಟೊ ತೆಗೆದಿಟ್ಟೆ: ಸ್ಟುಡಿಯೊ ಪಾಸ್‌ಪೋರ್ಟ್ ಫೋಟೊ, ಸೆಲ್ಫಿ, ಮದುವೆಮನೆಯ ಫೋಟೊದಿಂದ ಕತ್ತರಿಸಿದ್ದು, ಮತ್ತೆ ಕಿಟಕಿ ಪಕ್ಕ ಮಗ ತೆಗೆದಿದ್ದು.

ಆರಿಸುವ ಕೆಲಸ ನಾನೇ ಮಾಡಲಿಲ್ಲ. ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದವರು 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಜನ ತಾವೇ ಆರಿಸಿದ ಪ್ರೊಫೈಲ್ ಫೋಟೊಗಿಂತ, ಗುರುತಿಲ್ಲದವರು ಅವರಿಗಾಗಿ ಆರಿಸಿದ ಫೋಟೊ ನೋಡುವವರ ಮೇಲೆ ಹೆಚ್ಚು ಒಳ್ಳೆಯ ಅಭಿಪ್ರಾಯ ಮೂಡಿಸಿತು ಅನ್ನುವುದು ಅದರ ಸಾರ. ಹಾಗಾಗಿ ಹುಬ್ಬಳ್ಳಿಯಲ್ಲಿರುವ ನಾದಿನಿಗೆ ನಾಲ್ಕನ್ನೂ ಕಳಿಸಿದೆ. ಅವಳ ಅಪಾರ್ಟ್‌ಮೆಂಟಿನ ತಾಯಂದಿರು ನನ್ನನ್ನು ನೋಡಿದವರಲ್ಲ. "ಚೆನ್ನಾಗಿದೆಯಾ ಅಂತ ಕೇಳಬೇಡ, ಎಲ್ಲರೂ ಹೂಂ ಅಂತಾರೆ. ಇವರ ಹತ್ತಿರ ಮಗಳನ್ನ ಟ್ಯೂಷನ್‌ಗೆ ಕಳಿಸ್ತೀರಾ, ಯಾಕೆ ಅಂತ ಕೇಳು" ಎಂದೆ. ಒಬ್ಬರಿಗೆ ಒಂದೇ ಫೋಟೊ, ಅದೂ ಮೊದಲು ಚಾಟ್ ಪಟ್ಟಿಯಲ್ಲಿ ಕಾಣುವಷ್ಟು ಚಿಕ್ಕದಾಗಿ. ನಾಲ್ಕನ್ನೂ ಒಟ್ಟಿಗೆ ತೋರಿಸಿದರೆ ಅದು ಚೆಂದದ ಸ್ಪರ್ಧೆ ಆಗಿಬಿಡುತ್ತದೆ.

ಪಾಸ್‌ಪೋರ್ಟ್ ಫೋಟೊ ಬಗ್ಗೆ ಯಾರೂ ಕೆಟ್ಟದ್ದು ಹೇಳಲಿಲ್ಲ, ಆದರೆ ಯಾರೂ ಹತ್ತಿರಕ್ಕೂ ಬರಲಿಲ್ಲ. "ಬ್ಯಾಂಕಿನವರಾ?" ಎಂದು ಒಬ್ಬರು ಕೇಳಿದರಂತೆ. ಎದುರಿನಿಂದ ಬಿದ್ದ ಫ್ಲ್ಯಾಷ್ ಮುಖದ ಏರುತಗ್ಗನ್ನೆಲ್ಲ ಅಳಿಸಿತ್ತು. ಮೇಲೆ ಸ್ಟುಡಿಯೊದವರು ಕೇಳದೆಯೇ ಬಣ್ಣ ಬೆಳ್ಳಗೆ ಮಾಡಿದ್ದರು. ಅರ್ಜಿಗೆ ಅಂಟಿಸಲು ಸರಿ. ಮಗುವನ್ನು ಒಪ್ಪಿಸಬೇಕಾದವರಿಗೆ ಅದರಲ್ಲಿ ತಿಳಿಯುವಂಥದ್ದು ಏನೂ ಇಲ್ಲ.

ಸೆಲ್ಫಿಯದೇ ದೊಡ್ಡ ಕಥೆ. ಕೈ ಚಾಚಿ ತೆಗೆದ ಫೋಟೊದಲ್ಲಿ ಕ್ಯಾಮೆರಾ ಮುಖಕ್ಕೆ ತೀರಾ ಹತ್ತಿರ ಇರುತ್ತದೆ. ಆಗ ಮೂಗು ಕ್ಯಾಮೆರಾಗೆ ಎಷ್ಟು ಹತ್ತಿರವೋ, ಕಿವಿ ಅದಕ್ಕಿಂತ ಗಮನಾರ್ಹವಾಗಿ ದೂರ. ಹತ್ತಿರದ್ದು ಉಬ್ಬುತ್ತದೆ, ದೂರದ್ದು ಕುಗ್ಗುತ್ತದೆ. ಇದನ್ನು ಲೆಕ್ಕ ಹಾಕಿದವರ ಪ್ರಕಾರ, ಸುಮಾರು 30 ಸೆಂಟಿಮೀಟರ್ ದೂರದಿಂದ ತೆಗೆದಾಗ ಮೂಗು, ಒಂದೂವರೆ ಮೀಟರ್ ದೂರದಿಂದ ತೆಗೆದಾಗಿಗಿಂತ ಹತ್ತಿರಹತ್ತಿರ ಶೇಕಡ 30ರಷ್ಟು ಅಗಲ ಕಾಣುತ್ತದೆ. ಇದು ಫೋನಿನ ದೋಷ ಅಲ್ಲ, ದೂರದ ಪರಿಣಾಮ. ದುಬಾರಿ ಫೋನ್ ತಂದರೂ ಅಷ್ಟೇ ಹತ್ತಿರದಿಂದ ತೆಗೆದರೆ ಹೀಗೇ ಬರುತ್ತದೆ.

ಇನ್ನೊಂದು, ಫ್ರಂಟ್ ಕ್ಯಾಮೆರಾದ ಬ್ಯೂಟಿ ಮೋಡ್. ಎಷ್ಟೋ ಫೋನುಗಳಲ್ಲಿ ಅದು ಮೊದಲಿನಿಂದಲೇ ಆನ್ ಇರುತ್ತದೆ. ಗೊತ್ತು ಮಾಡಿಕೊಳ್ಳುವುದು ಸುಲಭ: ಹುಬ್ಬಿನ ಕೂದಲು ಎಳೆಎಳೆಯಾಗಿ ಕಾಣುತ್ತಿದ್ದು, ಪಕ್ಕದ ಹಣೆಯಲ್ಲಿ ಒಂದು ಗೆರೆಯೂ ಇಲ್ಲದಿದ್ದರೆ ಚರ್ಮವನ್ನು ಸವರಿದೆ ಎಂದೇ ಅರ್ಥ. ಹುಬ್ಬಳ್ಳಿಯಲ್ಲಿ ಬಂದ ಮಾತು, "ಯಾರೋ ಕಾಲೇಜು ಹುಡುಗಿ ಇರಬೇಕು." ನನಗೆ ನಲವತ್ತು ದಾಟಿದೆ. ಇದನ್ನು ಹೊಗಳಿಕೆ ಎಂದುಕೊಳ್ಳುವ ಹಾಗಿಲ್ಲ. ಡಿಪಿ ನೋಡಿ ಬಂದವರು ಬಾಗಿಲಲ್ಲಿ ಬೇರೆಯವರನ್ನು ನೋಡಿದರೆ, ಅವರ ಮೊದಲ ಅನುಮಾನ ಪಾಠದ ಮೇಲೇ ಬೀಳುತ್ತದೆ.

ಆದರೂ ನನಗೆ ಸೆಲ್ಫಿಯೇ ಇಷ್ಟವಾಗಿತ್ತು. ನಾವು ದಿನಾ ಕನ್ನಡಿಯಲ್ಲಿ ನೋಡುವುದು ನಮ್ಮ ಎಡ-ಬಲ ತಿರುಗಿದ ಮುಖ. ಸೆಲ್ಫಿ ತೆಗೆಯುವಾಗ ಪರದೆಯ ಮೇಲೂ ಅದೇ ಕಾಣುತ್ತದೆ, ಕೆಲವು ಫೋನು ಹಾಗೇ ಉಳಿಸುತ್ತವೆ ಕೂಡ. ನನ್ನ ಬೈತಲೆ ಯಾವ ಕಡೆಗಿದೆ ಎಂದು ಮಿಕ್ಕವರಿಗೆ ಗೊತ್ತಿರುವುದಕ್ಕೂ ನನಗೆ ಗೊತ್ತಿರುವುದಕ್ಕೂ ಅದಲುಬದಲು. ನಮಗೆ ಸರಿ ಅನಿಸುವ ಮುಖ ಬೇರೆಯವರು ನೋಡುವ ಮುಖ ಅಲ್ಲವೇ ಅಲ್ಲ.

ಮದುವೆಮನೆ ಫೋಟೊದಲ್ಲಿ ರೇಷ್ಮೆ ಸೀರೆ, ಮಲ್ಲಿಗೆ, ತುಂಬು ನಗು, ಎಲ್ಲವೂ ಇತ್ತು. ಆದರೆ ಕತ್ತರಿಸಿದ ಅಂಚಿನಲ್ಲಿ ಯಾರದೋ ಬಳೆ ತೊಟ್ಟ ಕೈ ನನ್ನ ಭುಜದ ಮೇಲೆ ಉಳಿದಿತ್ತು. ನೋಡಿದವರ ಕಣ್ಣೆಲ್ಲ ಆ ಕೈ ಮೇಲೆ. ಗುಂಪಿನ ಫೋಟೊದಿಂದ ಒಂದು ಮುಖ ಎತ್ತಿಕೊಂಡರೆ ಉಳಿಯುವ ಪಿಕ್ಸೆಲ್ ಕಡಿಮೆ, ದೊಡ್ಡದು ಮಾಡಿದ ಕೂಡಲೇ ಮಸುಕು. "ಚೆಂದ ಇದ್ದಾರೆ, ಆದರೆ ಟೀಚರ್ ಥರ ಕಾಣಲ್ಲ" ಎಂಬ ಉತ್ತರ ನನಗೆ ನ್ಯಾಯವಾಗಿಯೇ ಕಂಡಿತು. ಹಬ್ಬದ ಶುಭಾಶಯಕ್ಕೆ ಇರಲಿ, ಕೆಲಸದ ನಂಬರಿಗೆ ಬೇಡ.

ಕಿಟಕಿ ಫೋಟೊ ತೆಗೆದ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಖರ್ಚಿಲ್ಲದೆ ಯಾರು ಬೇಕಾದರೂ ಮಾಡಬಹುದು. ಬೆಳಗ್ಗೆ ಹತ್ತರ ಹೊತ್ತು, ನೇರ ಬಿಸಿಲು ಬೀಳದ ಕಿಟಕಿ. ಅದರಿಂದ ಎರಡು ಮೂರು ಅಡಿ ಈಚೆ, ಮುಖ ಸ್ವಲ್ಪ ಕಿಟಕಿಯ ಕಡೆಗೆ. ಟ್ಯೂಬ್‌ಲೈಟ್ ಆರಿಸಿದೆವು, ಇಲ್ಲದಿದ್ದರೆ ಕೆನ್ನೆಗೊಂದು ಬಣ್ಣ ಬರುತ್ತದೆ. ಮಗ ಐದಾರು ಅಡಿ ದೂರ ನಿಂತು, ಹಿಂದಿನ ಕ್ಯಾಮೆರಾವನ್ನು ನನ್ನ ಕಣ್ಣಿನ ಮಟ್ಟಕ್ಕೆ ಹಿಡಿದು, 2x ಝೂಮ್ ಹಾಕಿದ. ಕನ್ನಡಕದಲ್ಲಿ ಕಿಟಕಿ ಬಿಳಿಯಾಗಿ ಹೊಳೆಯುತ್ತಿತ್ತು. ಗದ್ದ ಒಂದಿಷ್ಟು ತಗ್ಗಿಸಿ, ಮುಖ ಒಂಚೂರು ತಿರುಗಿಸಿದಾಗ ಹೋಯಿತು. ಹಿನ್ನೆಲೆ ಮಸುಕು ಮಾಡುವ ಪೋರ್ಟ್ರೇಟ್ ಮೋಡ್ ಬಿಟ್ಟೆವು, ಅದು ಕನ್ನಡಕದ ಅಂಚನ್ನೂ ಕೂದಲನ್ನೂ ನುಂಗಿಬಿಡುತ್ತಿತ್ತು.

"ನಗು" ಎಂದಾಗ ಬರೀ ಬಾಯಿ ನಗುತ್ತದೆ. ನಿಜವಾಗಿ ನಕ್ಕಾಗ ಕಣ್ಣಿನ ಸುತ್ತಲಿನ ಸ್ನಾಯು ಕೆನ್ನೆಯನ್ನು ಎತ್ತುತ್ತದೆ, ಕಣ್ಣಂಚಿನಲ್ಲಿ ಗೆರೆ ಮೂಡುತ್ತದೆ. ಬೇಕೆಂದಾಗ ಇದನ್ನು ತರುವುದು ಎಷ್ಟೋ ಜನರಿಗೆ ಕಷ್ಟ. ಅದಕ್ಕೇ ಮಗನಿಗೆ ಪೈಥಾಗೊರಸ್ ಪ್ರಮೇಯ ವಿವರಿಸುತ್ತ ನಿಂತೆ, ಅವನು ಒಂದೇ ಸಮನೆ ಕ್ಲಿಕ್ ಮಾಡುತ್ತ ಹೋದ. ನಾದಿನಿ ಕಡೆಯವರಿಗೆ ಹೋಗಿದ್ದು ಅದರಲ್ಲಿ ಮಗ ಆರಿಸಿದ ಫೋಟೊ. ಅದರಲ್ಲಿ ನನ್ನ ಒಂದು ಹುಬ್ಬು ಮೇಲೇರಿದೆ, ನಾನಾಗಿದ್ದರೆ ಅಳಿಸುತ್ತಿದ್ದೆ. ಅದನ್ನು ನೋಡಿದವರು ಕೊಟ್ಟ ಉತ್ತರ: "ಕೇಳಿದ್ದನ್ನೇ ಮತ್ತೆ ಕೇಳಿದರೂ ಬೈಯಲ್ಲ ಅನ್ಸುತ್ತೆ." ನನ್ನ ಡಿಪಿ ಈಗ ಅದೇ.

ಇದರ ಮಿತಿಯೂ ಗೊತ್ತಿರಬೇಕು. ಪ್ರಿನ್ಸ್‌ಟನ್‌ನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮುಖವೊಂದನ್ನು ಸೆಕೆಂಡಿನ ಹತ್ತನೇ ಒಂದು ಭಾಗ ತೋರಿಸಿದರೂ ಸಾಕು, ನಂಬಬಹುದೋ ಇಲ್ಲವೋ ಎಂದು ಜನ ತೀರ್ಮಾನಿಸಿಬಿಡುತ್ತಿದ್ದರು. ಬೇಗ ತೀರ್ಮಾನಿಸುತ್ತಾರೆ ಎಂದ ಮಾತ್ರಕ್ಕೆ ಅದು ಸರಿ ಎಂದಲ್ಲ. ನಾಲ್ಕೂ ಫೋಟೊದಲ್ಲಿ ಇದ್ದವಳು ನಾನೊಬ್ಬಳೇ, ಉತ್ತರ ಮಾತ್ರ ನಾಲ್ಕು ಥರ. ಆದ್ದರಿಂದ ಫೋನ್ ಮಾಡಿದ ತಾಯಂದಿರಿಗೆ, ಮೊದಲೆರಡು ಕ್ಲಾಸಿಗೆ ನೀವೂ ಬಂದು ಕೂರಿ ಎಂದೇ ಹೇಳುತ್ತೇನೆ.

ದೇವರ ಫೋಟೊ, ಹೂವು, ಮಗುವಿನ ಫೋಟೊ ಇಟ್ಟವರ ಬಗ್ಗೆ ಯಾರಿಗೂ ಅನುಮಾನವೇನೂ ಬರುವುದಿಲ್ಲ, ಆದರೆ ಇದು ಸರಿಯಾದ ನಂಬರ್ ಹೌದಾ ಎಂಬುದೂ ತಿಳಿಯುವುದಿಲ್ಲ. ಮುಖ ಹಾಕಲು ಹೆಣ್ಣುಮಕ್ಕಳಿಗೆ ಇರುವ ಹೆದರಿಕೆ ಸುಳ್ಳಲ್ಲ. ನಾನು ಮನೆಯವರಿಗೆ ಒಂದು ನಂಬರ್, ಟ್ಯೂಷನ್‌ಗೆ ಇನ್ನೊಂದು ಇಟ್ಟುಕೊಂಡಿದ್ದೇನೆ. ವಾಟ್ಸಾಪ್‌ನಲ್ಲಿ Settings, Privacy, Profile photo ಎಂದು ಹೋದರೆ ಯಾರು ನೋಡಬಹುದು ಎಂದು ಆರಿಸಬಹುದು. ಮನೆಯ ನಂಬರಿನಲ್ಲಿ My contacts, ಟ್ಯೂಷನ್ ನಂಬರಿನಲ್ಲಿ Everyone. ಎರಡನೆಯದರಲ್ಲೂ My contacts ಇಟ್ಟರೆ, ನಾವು ಇನ್ನೂ ಸೇವ್ ಮಾಡಿಕೊಳ್ಳದ ಹೊಸ ತಾಯಿಗೆ ಕಾಣುವುದು ಖಾಲಿ ಬೂದು ವೃತ್ತ ಮಾತ್ರ.