ಮುಂದಿನ ಪದವೋ, ಸರಾಸರಿಯೋ?

ಧನ, ಋಣ ಚಿಹ್ನೆಗಳು ಒಂದಾದ ಮೇಲೊಂದು ಬರುವ ಶ್ರೇಣಿಯಲ್ಲಿ ಪದಗಳ ಗಾತ್ರವು ಸತತವಾಗಿ ಇಳಿಯುತ್ತ ಸೊನ್ನೆಯನ್ನು ಸಮೀಪಿಸಿದರೆ, ಅದರ ನಿಜವಾದ ಮೊತ್ತವು ಒಂದರ ಹಿಂದೊಂದು ಬರುವ ಯಾವುದೇ ಎರಡು ಭಾಗಶಃ ಮೊತ್ತಗಳ ನಡುವೆ ಇರುತ್ತದೆ. ಆದ್ದರಿಂದ ಕೆಲವು ಪದಗಳಿಗೇ ನಿಲ್ಲಿಸಿದರೆ ಆಗುವ ದೋಷವು ಕೈಬಿಟ್ಟ ಮೊದಲ ಪದದ ಗಾತ್ರವನ್ನು ಮೀರುವುದಿಲ್ಲ. ಅಂದಾಜು ಉತ್ತಮಗೊಳ್ಳಲು ಮುಂದಿನ ಪದವನ್ನು ಸೇರಿಸಿ ನಿಲ್ಲಬೇಕೋ, ಕೊನೆಯ ಎರಡು ಮೊತ್ತಗಳ ಸರಾಸರಿ ತೆಗೆಯಬೇಕೋ?

ln 2 = 1 − 1/2 + 1/3 − … ಶ್ರೇಣಿಯ ನಾಲ್ಕು ಪದಗಳ ಮೊತ್ತ 0.5833, ದೋಷದ ಮಿತಿ 0.2, ನಿಜವಾದ ದೋಷ ಸುಮಾರು 0.11. ಐದನೆಯ ಪದವನ್ನೂ ಸೇರಿಸಿದರೆ ಬರುವ 0.7833ರೊಂದಿಗೆ ಇದರ ಸರಾಸರಿ ತೆಗೆದರೆ 0.6833 ಸಿಗುತ್ತದೆ. ಆಗ ಖಾತರಿಯ ಮಿತಿ ಎರಡು ಮೊತ್ತಗಳ ಅಂತರದ ಅರ್ಧ, ಅಂದರೆ 0.1 ಆದರೂ ನಿಜವಾದ ದೋಷ 0.01ರಷ್ಟೇ. ಪದಗಳು ಹೀಗೆ ನಿಧಾನವಾಗಿ ಕುಗ್ಗುವಲ್ಲಿ ಸರಾಸರಿಯನ್ನೇ ಆರಿಸಬೇಕು.

ಆದರೆ ಪದಗಳು ಬೇಗ ಕುಗ್ಗುವ 1/e = 1 − 1 + 1/2! − 1/3! + … ಶ್ರೇಣಿಯಲ್ಲಿ 1/5! ವರೆಗಿನ ಮೊತ್ತವಾದ 0.3667, ನಿಜಬೆಲೆಯಾದ 0.3679ಕ್ಕೆ ಆಗಲೇ ಹತ್ತಿರವಿದೆ. ಹಿಂದಿನ ಮೊತ್ತವಾದ 0.3750ರೊಂದಿಗೆ ಸರಾಸರಿ ಮಾಡಿದರೆ 0.3708 ಬಂದು, ದೋಷ ಎರಡು ಪಟ್ಟಿಗೂ ಹೆಚ್ಚಾಗುತ್ತದೆ.