ವಯಸ್ಸಾದ ತಂದೆ-ತಾಯಿಗೆ ಷಿಕಾಗೋ ಟಿಕೆಟ್: ದೆಹಲಿ, ಫ್ರಾಂಕ್‌ಫರ್ಟ್, ಅಬುಧಾಬಿ ದಾರಿಗಳ ಹೋಲಿಕೆ

ಎಪ್ಪತ್ತು ದಾಟಿದ ನನ್ನ ತಂದೆ-ತಾಯಿ ಹಾಸನದಿಂದ ಷಿಕಾಗೋದ ನಮ್ಮ ಮನೆಗೆ ಜೊತೆಗೆ ಯಾರೂ ಇಲ್ಲದೆ ಇಬ್ಬರೇ ಬಂದು ಹೋಗುತ್ತಾರೆ. ತಂದೆಗೆ ಮಂಡಿನೋವು, ಸಮತಟ್ಟಾದ ನೆಲದಲ್ಲಿ ನಿಧಾನವಾಗಿ ನಡೆಯಬಲ್ಲರು, ಮೆಟ್ಟಿಲು ಹತ್ತಿಳಿಯಲಾರರು. ತಾಯಿಗೆ ಸಕ್ಕರೆ ಕಾಯಿಲೆ. ನಡಿಗೆಗೆ ಅಂಥ ತೊಂದರೆಯಿಲ್ಲ, ಆದರೆ ಊಟದ ಹೊತ್ತು ತಪ್ಪುವಂತಿಲ್ಲ. ಇಂಗ್ಲಿಷ್ ಇಬ್ಬರಿಗೂ ಅಷ್ಟಕ್ಕಷ್ಟೆ, ಹಿಂದಿ ಅದಕ್ಕಿಂತ ಕಡಿಮೆ. ದಾರಿಯಲ್ಲಿ ಎಲ್ಲಾದರೂ ಒಮ್ಮೆ ವಿಮಾನ ಬದಲಿಸಬೇಕಾಗುವುದರಿಂದ, ಬೇರೆ ಬೇರೆ ವರ್ಷಗಳಲ್ಲಿ ಅವರನ್ನು ದೆಹಲಿ, ಫ್ರಾಂಕ್‌ಫರ್ಟ್ ಮತ್ತು ಅಬುಧಾಬಿಯ ಮೂಲಕ ಕರೆಸಿಕೊಂಡಿದ್ದೇನೆ. ಟಿಕೆಟ್ ದರ ಋತುವಿಗೆ ತಕ್ಕಂತೆ ಏರಿಳಿಯುವುದರಿಂದ ಅದನ್ನು ಇಲ್ಲಿ ಬದಿಗಿಟ್ಟು, ಇಂಥ ಇಬ್ಬರ ದೇಹಕ್ಕೂ ಮನಸ್ಸಿಗೂ ಯಾವ ದಾರಿ ಹಗುರ ಎಂಬುದನ್ನಷ್ಟೇ ನೋಡುತ್ತೇನೆ.

ಮೂರೂ ದಾರಿಗಳಿಗೆ ಸಮಾನವಾದ ವೀಲ್‌ಚೇರ್ ವಿಷಯವನ್ನು ಮೊದಲು ಹೇಳಬೇಕು, ಏಕೆಂದರೆ ಉಳಿದ ಲೆಕ್ಕಾಚಾರವೆಲ್ಲ ಅದರ ಮೇಲೆ ನಿಂತಿದೆ. ವಿಮಾನಯಾನ ಸಂಸ್ಥೆಗಳ ವ್ಯವಸ್ಥೆಯಲ್ಲಿ ವೀಲ್‌ಚೇರ್ ಎಂಬುದು ಒಂದೇ ಸೇವೆಯಲ್ಲ. WCHR ಎಂಬ ಸಂಕೇತವಿದ್ದರೆ ಪ್ರಯಾಣಿಕರು ಮೆಟ್ಟಿಲು ಹತ್ತಬಲ್ಲರು, ವಿಮಾನದೊಳಗೆ ನಡೆಯಬಲ್ಲರು, ನಿಲ್ದಾಣದ ದೂರವನ್ನು ಮಾತ್ರ ನಡೆಯಲಾರರು ಎಂದರ್ಥ. WCHS ಎಂದರೆ ಮೆಟ್ಟಿಲು ಹತ್ತಲಾರರು, ಆದರೆ ತಮ್ಮ ಸೀಟಿನವರೆಗೆ ನಡೆದು ಹೋಗಬಲ್ಲರು. WCHC ಎಂದರೆ ಸೀಟಿನವರೆಗೂ ಒಯ್ಯಬೇಕು. ಏಜೆಂಟರಿಗೆ ಸುಮ್ಮನೆ ‘ವೀಲ್‌ಚೇರ್ ಹಾಕಿ’ ಎಂದರೆ ಅವರು ಸಾಮಾನ್ಯವಾಗಿ ಹಾಕುವುದು ಮೊದಲನೆಯದನ್ನು. ನಿಲ್ದಾಣದ ಕಟ್ಟಡವನ್ನು ವಿಮಾನದ ಬಾಗಿಲಿಗೆ ಜೋಡಿಸುವ ಏರೋಬ್ರಿಡ್ಜ್‌ಗೆ ವಿಮಾನ ಬಂದು ನಿಂತರೆ ಈ ವ್ಯತ್ಯಾಸ ಕಾಣಿಸುವುದೇ ಇಲ್ಲ. ಆದರೆ ದೂರದ ಬಯಲಿನಲ್ಲಿ ನಿಂತು ಬಸ್ಸಿನಲ್ಲಿ ಕರೆದೊಯ್ಯುವ ದಿನ, WCHR ಎಂದಿರುವವರನ್ನು ಮೆಟ್ಟಿಲಿಳಿಯುವಂತೆ ಕೇಳುತ್ತಾರೆ. WCHS ಎಂದಿರುವವರಿಗೆ ಬಾಗಿಲಿನ ಎತ್ತರಕ್ಕೆ ಏರುವ ಲಿಫ್ಟ್ ವಾಹನ ಬರುತ್ತದೆ. ಆದ್ದರಿಂದ ತಂದೆಗೆ WCHS, ತಾಯಿಗೆ WCHR ಎಂದು ಬೇರೆ ಬೇರೆಯಾಗಿ ಕೇಳುತ್ತೇನೆ.

ನಡೆಯಬಲ್ಲ ತಾಯಿಗೇಕೆ ವೀಲ್‌ಚೇರ್ ಎಂಬ ಪ್ರಶ್ನೆ ನ್ಯಾಯವಾದದ್ದೇ. ಸುಮ್ಮನೆ ಸಾಲು ತಪ್ಪಿಸಿಕೊಳ್ಳಲೆಂದು ಕೇಳುವವರು ಹೆಚ್ಚಿದಷ್ಟೂ ನಿಜವಾಗಿ ಬೇಕಾದವರು ಕಾಯಬೇಕಾಗುತ್ತದೆ. ಆದರೆ ಕಿಲೋಮೀಟರುಗಟ್ಟಲೆ ಹಬ್ಬಿದ ನಿಲ್ದಾಣದಲ್ಲಿ, ಫಲಕಗಳನ್ನು ಸರಾಗವಾಗಿ ಓದಲಾಗದ ಎಪ್ಪತ್ತರ ಹೆಂಗಸು, ಗಂಡನನ್ನು ತಳ್ಳಿಕೊಂಡು ಬಿರುಸಾಗಿ ಹೋಗುವ ಸಹಾಯಕನ ಹಿಂದೆ ಓಡುವುದನ್ನು ನಾನು ಒಪ್ಪಲಾರೆ. 2024ರ ಫೆಬ್ರವರಿಯಲ್ಲಿ ಮುಂಬೈಯಲ್ಲಿ ನಡೆದದ್ದನ್ನು ನೆನೆಯಬೇಕು. ನ್ಯೂಯಾರ್ಕ್‌ನಿಂದ ಬಂದಿಳಿದ ವೃದ್ಧ ದಂಪತಿಗೆ ಆ ಹೊತ್ತಿಗೆ ಸಿಕ್ಕಿದ್ದು ಒಂದೇ ವೀಲ್‌ಚೇರ್. ಅದರಲ್ಲಿ ಹೆಂಡತಿಯನ್ನು ಕೂರಿಸಿ ಜೊತೆಯಲ್ಲಿ ನಡೆದುಬಂದ ಎಂಬತ್ತು ವರ್ಷದ ಗಂಡ ಇಮಿಗ್ರೇಷನ್ ಬಳಿ ಕುಸಿದು ತೀರಿಕೊಂಡರು. ಆ ಪ್ರಕರಣದಲ್ಲಿ ಭಾರತದ ವಿಮಾನಯಾನ ನಿಯಂತ್ರಕವಾದ ಡಿಜಿಸಿಎ ವಿಮಾನಯಾನ ಸಂಸ್ಥೆಗೆ 30 ಲಕ್ಷ ರೂಪಾಯಿ ದಂಡ ವಿಧಿಸಿತು. ಕೋರಿಕೆ ಸಲ್ಲಿಸಿದ್ದರೂ ಇಂಥದ್ದು ಆಗಬಹುದು ಎಂಬುದು ಅದರಿಂದ ತಿಳಿಯುತ್ತದೆ. ಹಾಗಾಗಿ ‘ಎರಡನೆಯ ಕುರ್ಚಿ ಬರುವವರೆಗೆ ಇಬ್ಬರೂ ಕುಳಿತೇ ಇರಿ, ಒಬ್ಬರು ಮುಂದೆ ಹೋಗಬೇಡಿ’ ಎಂದು ಮನೆಯಲ್ಲೇ ಹೇಳಿ ಕಳಿಸುತ್ತೇವೆ.

ಇನ್ನು ನಡುವಿನ ಬಿಡುವು. ವೀಲ್‌ಚೇರ್ ಕೇಳಿದವರು ವಿಮಾನವನ್ನು ಮೊದಲು ಹತ್ತುತ್ತಾರೆ, ಕೊನೆಯಲ್ಲಿ ಇಳಿಯುತ್ತಾರೆ. ಟಿಕೆಟ್ ಹುಡುಕುವಾಗ ಕಾಣಿಸುವ ಒಂದು ಗಂಟೆ ಐವತ್ತು ನಿಮಿಷದ ಬದಲಾವಣೆಯನ್ನು ಬಿಡಿಸಿ ನೋಡೋಣ. ಒಟ್ಟು 110 ನಿಮಿಷ. ಎಲ್ಲರೂ ಇಳಿದು, ಸಹಾಯಕರು ಬಂದು, ಇವರು ಬಾಗಿಲು ದಾಟುವಷ್ಟರಲ್ಲಿ ಮೂವತ್ತೈದು ನಿಮಿಷ ಹೋಗುತ್ತದೆ. ಭದ್ರತಾ ತಪಾಸಣೆ ಮತ್ತು ಮುಂದಿನ ಗೇಟಿನ ದೂರಕ್ಕೆ ಇನ್ನು ನಲವತ್ತು. ಉಳಿದದ್ದು ಮೂವತ್ತೈದು ನಿಮಿಷ. ಅಮೆರಿಕದ ವಿಮಾನಗಳಿಗೆ ಗೇಟಿನಲ್ಲಿ ದಾಖಲೆಗಳನ್ನು ಮತ್ತೊಮ್ಮೆ ನೋಡುವುದುಂಟು, ಹೊರಡುವ ಸಮಯಕ್ಕೆ ಸಾಕಷ್ಟು ಮುಂಚೆಯೇ ಗೇಟು ಮುಚ್ಚುವುದೂ ಉಂಟು. ಅಂದರೆ ಮೊದಲ ವಿಮಾನ ಇಪ್ಪತ್ತು ನಿಮಿಷ ತಡವಾದರೂ ಎರಡನೆಯದು ಕೈತಪ್ಪುತ್ತದೆ, ಶೌಚಾಲಯಕ್ಕೆ ಹೋಗಿಬರಲು ಸಮಯವೇ ಇರುವುದಿಲ್ಲ. ಜಾಲತಾಣವು ಈ ಟಿಕೆಟ್ಟನ್ನು ಮಾರುತ್ತದೆಯಲ್ಲ ಎಂದರೆ, ಅದು ನೋಡುವುದು ಆ ನಿಲ್ದಾಣಕ್ಕೆ ನಿಗದಿಯಾದ ಕನಿಷ್ಠ ಅವಧಿಯನ್ನು. ಅದು ತಾವೇ ನಡೆದು ಹೋಗುವವರ ವೇಗಕ್ಕೆ ಹೊಂದುವ ಅವಧಿ. ನನ್ನ ಮಟ್ಟಿಗೆ ಮೂರರಿಂದ ನಾಲ್ಕು ಗಂಟೆಯ ಬಿಡುವು ಸರಿಯಾದದ್ದು. ಆರೇಳು ಗಂಟೆ ಮೀರಿದರೆ ಬೇರೆ ಕಷ್ಟ: ಸಹಾಯಕರು ಇವರನ್ನು ಕಾಯುವ ಜಾಗದಲ್ಲಿ ಕೂರಿಸಿ ಹೋದರೆ ಗೇಟಿನ ಸಮಯದವರೆಗೆ ಮತ್ತೆ ಬರುವ ಖಾತರಿಯಿಲ್ಲ, ಎದ್ದು ಹೋದರೆ ಎಲ್ಲಿ ಕುರ್ಚಿ ತಪ್ಪೀತೋ ಎಂಬ ಭಯದಲ್ಲಿ ಇಬ್ಬರೂ ನೀರೂ ಕುಡಿಯದೆ ಕೂತಿರುತ್ತಾರೆ.

ಈಗ ದಾರಿಗಳಿಗೆ ಬರೋಣ. ದೆಹಲಿಯ ದಾರಿ ಷಿಕಾಗೋಗೆ ಬರುವಾಗ ಸುಲಭವಾಗಿ ಕಾಣುತ್ತದೆ. ಒಂದೇ ಸಂಸ್ಥೆಯ ಟಿಕೆಟ್ ಆದರೆ ಸಾಮಾನನ್ನು ಬೆಂಗಳೂರಿನಲ್ಲಿ ಕೊಟ್ಟರೆ ಷಿಕಾಗೋದಲ್ಲೇ ಸಿಗುತ್ತದೆ, ಊಟ ಪರಿಚಿತ, ಸುತ್ತಲಿನ ಜನ ನಮ್ಮವರು. ತೊಂದರೆ ಇರುವುದು ಎರಡನೆಯ ಹಾರಾಟದಲ್ಲಿ. ಎರಡೂಮುಕ್ಕಾಲು ಗಂಟೆಯ ಮೊದಲ ಭಾಗದ ನಂತರ ಹದಿನೈದು-ಹದಿನಾರು ಗಂಟೆಗಳ ಒಂದೇ ಕೂರಿಕೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನದ ವಾಯುಪ್ರದೇಶ ಭಾರತೀಯ ವಿಮಾನಗಳಿಗೆ ಮುಚ್ಚಿದ ಬಳಿಕ ಅದು ಇನ್ನಷ್ಟು ಉದ್ದವಾಯಿತು, ಕೆಲವು ವಿಮಾನಗಳು ಇಂಧನಕ್ಕಾಗಿ ಯುರೋಪಿನಲ್ಲಿ ಇಳಿಯಬೇಕಾಯಿತು. ಅದಕ್ಕಿಂತ ಹೆಚ್ಚಾಗಿ ನನಗೆ ಬೇಡವಾದದ್ದು ಹಿಂದಿರುಗುವ ಪ್ರಯಾಣ. ಭಾರತದಲ್ಲಿ ಮೊದಲು ಇಳಿಯುವ ನಿಲ್ದಾಣದಲ್ಲೇ ಸಾಮಾನ್ಯವಾಗಿ ಇಮಿಗ್ರೇಷನ್ ಮುಗಿಸಿ, ಸಾಮಾನು ಪಡೆದು, ಕಸ್ಟಮ್ಸ್ ದಾಟಿ, ಮತ್ತೆ ದೇಶೀಯ ವಿಮಾನಕ್ಕೆ ಒಪ್ಪಿಸಬೇಕು. ಹದಿನಾರು ಗಂಟೆ ಹಾರಿ ಬಂದ ಮುದುಕರು ದೆಹಲಿಯ ಬೆಲ್ಟಿನ ಮುಂದೆ ಇಪ್ಪತ್ತಮೂರು ಕಿಲೋದ ನಾಲ್ಕು ಪೆಟ್ಟಿಗೆಗಳನ್ನು ಗುರುತಿಸಿ ಎತ್ತಿಸಿಕೊಳ್ಳಬೇಕು, ಅದೂ ಹಿಂದಿಯಲ್ಲಿ. ಟಿಕೆಟ್ ನೋಡುವಾಗ ಹೆಚ್ಚಿನವರು ಬರುವ ದಾರಿಯನ್ನಷ್ಟೇ ತೂಗುತ್ತಾರೆ. ದೆಹಲಿಯ ಮಟ್ಟಿಗೆ ಊರಿಗೆ ಹಿಂದಿರುಗುವ ದಾರಿಯೇ ಭಾರ.

ಫ್ರಾಂಕ್‌ಫರ್ಟ್ ಮತ್ತು ಅಬುಧಾಬಿಯ ದಾರಿಗಳಲ್ಲಿ ಈ ಗೋಜಿಲ್ಲ. ಸಾಮಾನು ಬರುವುದು ಬೆಂಗಳೂರಿಗೇ, ಕಸ್ಟಮ್ಸ್ ಕೂಡ ಅಲ್ಲೇ, ಬಾಗಿಲಿನ ಹೊರಗೆ ನನ್ನ ತಂಗಿ ನಿಂತಿರುತ್ತಾಳೆ.

ಅಬುಧಾಬಿಯ ವಿಶೇಷವೆಂದರೆ ಅಲ್ಲಿ 2014ರಿಂದ ಅಮೆರಿಕದ ಇಮಿಗ್ರೇಷನ್ ಮತ್ತು ಕಸ್ಟಮ್ಸ್ ಕಚೇರಿ ಇದೆ. ಅಮೆರಿಕ ಪ್ರವೇಶದ ತಪಾಸಣೆಯೆಲ್ಲ ಅಲ್ಲೇ ಮುಗಿಯುತ್ತದೆ, ಷಿಕಾಗೋದಲ್ಲಿ ಇಳಿದಾಗ ದೇಶೀಯ ಪ್ರಯಾಣಿಕರಂತೆ ನೇರವಾಗಿ ಹೊರಬರಬಹುದು. ಮಕ್ಕಳು ಇರುವುದು ಸಣ್ಣ ಊರಿನಲ್ಲಾಗಿ, ಅಮೆರಿಕದೊಳಗೆ ಇನ್ನೊಂದು ವಿಮಾನ ಹಿಡಿಯಬೇಕಾದವರಿಗೆ ಇದು ದೊಡ್ಡ ಅನುಕೂಲ. ಬೇರೆ ದಾರಿಗಳಲ್ಲಿ ಬಂದವರು ಮೊದಲು ಇಳಿದ ಅಮೆರಿಕದ ನಿಲ್ದಾಣದಲ್ಲಿ ಸಾಮಾನು ಪಡೆದು ಮತ್ತೆ ಕೊಡಬೇಕು. ಆದರೆ ಬಿಡುವಿನ ಲೆಕ್ಕಕ್ಕೆ ಒಂದು ತಪಾಸಣೆಯ ಸಾಲು ಸೇರುವುದರಿಂದ ಇಲ್ಲಿ ಮೂರೂವರೆ ಗಂಟೆಗಿಂತ ಕಡಿಮೆ ಇರಬಾರದು, ತಾಯಿಯಂಥವರು ಆ ಆವರಣಕ್ಕೆ ಹೋಗುವ ಮೊದಲೇ ಊಟ ಮಾಡಿರಬೇಕು. ಹಾರಾಟ ಮಾತ್ರ ಇಲ್ಲಿಯೂ ಸಮನಾಗಿ ಹಂಚಿಲ್ಲ: ನಾಲ್ಕು ಗಂಟೆ, ನಂತರ ಸುಮಾರು ಹದಿನೈದು.

ಫ್ರಾಂಕ್‌ಫರ್ಟ್ ದಾರಿಯಲ್ಲಿ ಎರಡೂ ಹಾರಾಟಗಳು ಒಂಬತ್ತು-ಹತ್ತು ಗಂಟೆಯ ಆಸುಪಾಸಿನವು. ನಡುವೆ ಕಾಲು ಚಾಚಿ ಕೂತು, ಮುಖ ತೊಳೆದು, ಮಾತ್ರೆ ನುಂಗಿ ಮುಂದಕ್ಕೆ ಹೋಗಬಹುದು. ತಂದೆಯ ಮಂಡಿ ಅತಿ ಕಡಿಮೆ ಊದಿಕೊಂಡು ಬಂದದ್ದು ಈ ದಾರಿಯಲ್ಲೇ. ಐರೋಪ್ಯ ಒಕ್ಕೂಟದ 2006ರ ನಿಯಮದಂತೆ ಅಲ್ಲಿ ನೆರವಿನ ಹೊಣೆ ವಿಮಾನಯಾನ ಸಂಸ್ಥೆಯದಲ್ಲ, ನಿಲ್ದಾಣದ ಆಡಳಿತದ್ದು. 48 ಗಂಟೆ ಮೊದಲು ತಿಳಿಸಿರಬೇಕು. ಭಾರತದಿಂದ ಬಂದವರಿಗೆ ಭದ್ರತಾ ತಪಾಸಣೆ ಮತ್ತೆ ನಡೆಯುವುದರಿಂದ ನೀರಿನ ಬಾಟಲಿ, ಉಪ್ಪಿನಕಾಯಿ ಕೈಚೀಲದಲ್ಲಿದ್ದರೆ ಅಲ್ಲೇ ಉಳಿಯುತ್ತವೆ. ಬಸ್ಸಿನಲ್ಲಿ ಇಳಿಸುವ ಸಾಧ್ಯತೆಯೂ ಇದೆ. ಆಗ ಮೇಲೆ ಹೇಳಿದ WCHS ಕೆಲಸಕ್ಕೆ ಬರುತ್ತದೆ. ಭಾಷೆಯೊಂದು ಬಿಟ್ಟರೆ ನಮ್ಮವರಿಗೆ ಇದೇ ಒಗ್ಗಿದ ದಾರಿ, ದರ ಸ್ವಲ್ಪ ಹೆಚ್ಚಿದ್ದರೂ ನಾನು ಮೊದಲು ಹುಡುಕುವುದು ಇದನ್ನೇ.

ಸೀಟಿನ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗುತ್ತ ಬಂದಿದೆ. ಕಾಲು ಚಾಚಲು ಜಾಗವಿದೆಯೆಂದು ಎಲ್ಲರೂ ಹೇಳುವ ಮುಂದಿನ ಗೋಡೆ ಬದಿಯ ಸಾಲು ಇವರಿಗೆ ಸರಿಹೋಗಲಿಲ್ಲ. ಅಲ್ಲಿ ಊಟದ ತಟ್ಟೆ ಇಡುವ ಹಲಗೆ ಸೀಟಿನ ಆರ್ಮ್‌ರೆಸ್ಟ್‌ನೊಳಗೆ ಇರುವುದರಿಂದ ಆರ್ಮ್‌ರೆಸ್ಟ್ ಮೇಲೇಳದು, ಮಾತ್ರೆಯ ಚೀಲವನ್ನು ಕಾಲ ಬಳಿ ಇಡಲು ಬಿಡುವುದಿಲ್ಲ, ಎಳೆಮಕ್ಕಳ ತೊಟ್ಟಿಲು ಹಾಕುವುದೂ ಅಲ್ಲೇ. ತುರ್ತು ಬಾಗಿಲಿನ ಸಾಲನ್ನು ವೀಲ್‌ಚೇರ್ ಕೇಳಿದವರಿಗೆ ಕೊಡುವುದೇ ಇಲ್ಲ. ಮೂರು-ಮೂರು-ಮೂರು ಸೀಟುಗಳ ವಿಮಾನದಲ್ಲಿ ಇಬ್ಬರಿಗೂ ಓಡಾಡುವ ದಾರಿಯ ಪಕ್ಕದ ಸೀಟು, ಅಂದರೆ ಒಂದೇ ಸಾಲಿನ C ಮತ್ತು D ಹಿಡಿದರೆ ನಡುವೆ ದಾರಿ ಮಾತ್ರ ಇರುತ್ತದೆ. ರಾತ್ರಿ ಎದ್ದು ಹೋಗಲು ಯಾರೂ ಯಾರನ್ನೂ ದಾಟಬೇಕಿಲ್ಲ. ಎರಡು-ನಾಲ್ಕು-ಎರಡು ಇರುವ ವಿಮಾನ ಸಿಕ್ಕರೆ ಕಿಟಕಿ ಬದಿಯ ಜೋಡಿ ಸೀಟು ಇನ್ನೂ ಒಳ್ಳೆಯದು. ಶೌಚಾಲಯದಿಂದ ನಾಲ್ಕೈದು ಸಾಲು ದೂರವಿರಲಿ, ಅದಕ್ಕೆ ಅಂಟಿದ ಸಾಲು ಬೇಡ.

ಹಣ ಕಟ್ಟಿದ ಮೇಲಿನ ಒಂದು ಕೆಲಸವನ್ನು ಬಿಡುವಂತಿಲ್ಲ. ವೀಲ್‌ಚೇರ್ ಕೋರಿಕೆ ಪ್ರತಿ ಪ್ರಯಾಣಿಕರಿಗೆ, ಪ್ರತಿ ಹಾರಾಟಕ್ಕೆ ಪ್ರತ್ಯೇಕವಾಗಿ ದಾಖಲಾಗುತ್ತದೆ; ಇಬ್ಬರು, ಹೋಗಿ ಬರುವ ನಾಲ್ಕು ಹಾರಾಟ ಎಂದರೆ ಎಂಟು ನಮೂದುಗಳು. ಒಂದು ಸಂಸ್ಥೆ ಟಿಕೆಟ್ ಮಾರಿ ಇನ್ನೊಂದು ವಿಮಾನ ಹಾರಿಸುವಾಗ ಕೆಲವು ನಮೂದುಗಳು ಆಚೆ ದಾಟುವುದಿಲ್ಲ. ಒಮ್ಮೆ ಮಾರಿದ ಸಂಸ್ಥೆಯ ಪುಟದಲ್ಲಿ ಎಲ್ಲವೂ ಸರಿಯಾಗಿ ಕಂಡಿತ್ತು. ಹಾರಿಸುವ ಸಂಸ್ಥೆಯ ಪಿಎನ್‌ಆರ್ ಕೇಳಿ ಪಡೆದು ಅವರ ಪುಟದಲ್ಲಿ ನೋಡಿದರೆ ಎರಡನೆಯ ಹಾರಾಟದಲ್ಲಿ ವೀಲ್‌ಚೇರ್ ಇರಲೇ ಇಲ್ಲ, ಫೋನ್ ಮಾಡಿ ಸೇರಿಸಬೇಕಾಯಿತು. ಏಜೆಂಟರ ಬಳಿಯಾದರೆ ಸಂಕೇತದ ಮುಂದೆ HK ಎಂದಿದೆಯೇ ನೋಡಲು ಹೇಳಿ. ಅದಿದ್ದರೆ ಖಚಿತ, HN ಇದ್ದರೆ ಇನ್ನೂ ಉತ್ತರ ಬಂದಿಲ್ಲ. ವಿಮಾನದ ಮಾದರಿ ಬದಲಾದರೆ ಸೀಟುಗಳು ಚದುರುವುದರಿಂದ ಪ್ರಯಾಣಕ್ಕೆ ಒಂದು ವಾರ ಮೊದಲೊಮ್ಮೆ, ಎರಡು ದಿನ ಮೊದಲೊಮ್ಮೆ ಇದೇ ಪುಟಗಳನ್ನು ತೆರೆದು ನೋಡುತ್ತೇನೆ.